ಹರ್ಕ್ಯುಲಿಸನ ಹನ್ನೆರಡು ಕೆಲಸ: ನಾಲ್ಕನೆಯದಕ್ಕೇ ಮಕ್ಕಳು ಆಕಳಿಸುತ್ತಾರೆ, ಏನು ಮಾಡಲಿ?

ಶನಿವಾರದಕಥೆ

ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಶನಿವಾರ ಸಂಜೆ ಮಕ್ಕಳಿಗೆ ಕಥೆ ಹೇಳುತ್ತೇನೆ. ಎಂಟರಿಂದ ಹನ್ನೆರಡು ವರ್ಷದವರು, ಹದಿನೈದಿಪ್ಪತ್ತು ಜನ ಬರುತ್ತಾರೆ. ಹೋದ ವಾರ ಹರ್ಕ್ಯುಲಿಸನ ಕಥೆ ಶುರು ಮಾಡಿದೆ. ಸಿಂಹ ಬಂತು, ಕಣ್ಣರಳಿಸಿ ಕೇಳಿದರು. ಹಲವು ತಲೆಯ ಹಾವು ಹೈಡ್ರಾ ಬಂತು, ಇನ್ನೂ ಹತ್ತಿರ ಸರಿದು ಕೂತರು. ಜಿಂಕೆ ಮುಗಿದು ಹಂದಿ ಬರುವಷ್ಟರಲ್ಲಿ ಒಬ್ಬ ಹುಡುಗ "ಆಂಟಿ, ಇನ್ನೂ ಎಷ್ಟಿದೆ?" ಅಂದ. "ಎಂಟು" ಅಂದೆ. ಅಲ್ಲಿಗೆ ಆ ದಿನದ ಕಥೆ ಮುಗೀತು ಅಂತಲೇ ಲೆಕ್ಕ.

ನನ್ನದು ಎರಡು ಪ್ರಶ್ನೆ. ಇದು ಸುಮ್ನೆ ಹನ್ನೆರಡು ಸಾಹಸಗಳ ಪಟ್ಟಿಯಾ, ಇಲ್ಲ ಒಳಗೆ ಏನಾದರೂ ಕಟ್ಟಡ ಇದೆಯಾ? ಇದ್ದರೆ ಅದನ್ನು ಹಿಡಿದು ಹೇಳಬಹುದು. ಇನ್ನೊಂದು, ಅವನಿಗೆ ಈ ಶಿಕ್ಷೆ ಬಂದದ್ದು ಹುಚ್ಚು ಹಿಡಿದು ತನ್ನ ಮಕ್ಕಳನ್ನೇ ಕೊಂದದ್ದಕ್ಕೆ. ಅದನ್ನು ಎಂಟು ವರ್ಷದವರ ಮುಂದೆ ಹೇಳೋದಾ ಬೇಡವಾ?

ರಾಶಿಚಕ್ರ

ಹನ್ನೆರಡು ಅಂದರೆ ಹನ್ನೆರಡು ರಾಶಿ ಮೇಡಂ. ಸೂರ್ಯ ವರ್ಷದಲ್ಲಿ ಹನ್ನೆರಡು ಮನೆ ದಾಟುತ್ತಾನಲ್ಲ, ಅದೇ ಈ ಕಥೆ. ಸಿಂಹ ಅಂದರೆ ಸಿಂಹ ರಾಶಿ, ಹೈಡ್ರಾ ಜೊತೆ ಬರುವ ಏಡಿ ಕರ್ಕಾಟಕ, ಕ್ರೀಟಿನ ಗೂಳಿ ವೃಷಭ. ಮಕ್ಕಳಿಗೆ ಆಕಾಶದ ನಕ್ಷೆ ತೋರಿಸಿಕೊಂಡು ಹೇಳಿ, ಆಕಳಿಸಿದರೆ ಕೇಳಿ.

ಹಳೆಕಡತ

ರಾಶಿಚಕ್ರ ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆ ಸಿಂಹವನ್ನೂ ಏಡಿಯನ್ನೂ ಆಕಾಶಕ್ಕೆ ಏರಿಸಿದ ಕಥೆ ಗ್ರೀಕರಲ್ಲೇ ಇದೆ. ಆದರೆ ಮುಂದೆ ಎಳೆದರೆ ದಾರ ಹರಿಯುತ್ತದೆ. ಕಾಡುಹಂದಿಗೆ ಯಾವ ರಾಶಿ? ಕೊಟ್ಟಿಗೆ ತೊಳೆಯುವುದಕ್ಕೆ ಯಾವ ರಾಶಿ? ಅದಕ್ಕಿಂತ ದೊಡ್ಡ ತೊಡಕು ಅಂದರೆ, ಹನ್ನೆರಡು ಎಂಬ ಎಣಿಕೆಯೇ ಮೊದಲಿನಿಂದ ಇರಲಿಲ್ಲ. ಹೋಮರನಿಗೆ ರಾಜ ಯೂರಿಸ್ತಿಯಸ್ ಗೊತ್ತು, ಅವನು ಕೊಟ್ಟ ಕಷ್ಟದ ಕೆಲಸಗಳು ಗೊತ್ತು. ಆದರೆ ಬಿಡಿಸಿ ಹೇಳುವುದು ಪಾತಾಳದ ನಾಯಿಯನ್ನು ತಂದ ಒಂದೇ ಕೆಲಸವನ್ನು. ಸಂಖ್ಯೆ ಹೇಳುವುದಿಲ್ಲ. ಒಲಿಂಪಿಯಾದಲ್ಲಿ ಸುಮಾರು ಕ್ರಿ.ಪೂ. 456ರ ಹೊತ್ತಿಗೆ ಮುಗಿದ ಜೀಯಸ್ ದೇವಸ್ಥಾನದಲ್ಲಿ ಮುಂದೆ ಆರು, ಹಿಂದೆ ಆರು ಕೆತ್ತನೆಯ ಕಲ್ಲುಗಳಿವೆ. ಅಲ್ಲಿ ಹನ್ನೆರಡು ಸರಿಯಾಗಿ ಕೂತಿದೆ. ಕಟ್ಟಡದಲ್ಲಿ ಅಷ್ಟು ಜಾಗ ಇದ್ದದ್ದರಿಂದಲೇ ಆ ಎಣಿಕೆ ನಿಂತಿತು ಅನ್ನುವವರೂ ಇದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಆಗಿಲ್ಲ. ರಾಶಿಗಿಂತ ಮೇಲು ಅಷ್ಟೇ.

ಕಟ್ಟಡದ ವಿಷಯ ಕೇಳಿದ್ದೀರಿ. ನಾವು ಇವತ್ತು ಓದುವ ಸಾಲು ಹೆಚ್ಚಾಗಿ ಅಪೊಲೊಡೋರಸನ ಹೆಸರಲ್ಲಿರುವ ಪುರಾಣ ಸಂಗ್ರಹದ್ದು. ಅದರಲ್ಲಿ ಡೆಲ್ಫಿಯ ದೇವವಾಣಿ ಹೇಳುವುದು ಹನ್ನೆರಡು ಕೆಲಸ ಅಂತ ಅಲ್ಲ. ಟಿರಿನ್ಸ್ ಊರಿಗೆ ಹೋಗು, ಯೂರಿಸ್ತಿಯಸನ ಕೈಕೆಳಗೆ 12 ವರ್ಷ ಇರು, ಅವನು ಹೇಳಿದ 10 ಕೆಲಸ ಮಾಡು, ಆಮೇಲೆ ನಿನಗೆ ಸಾವಿಲ್ಲ, ಅಂತ. ಹತ್ತು ಹನ್ನೆರಡಾದದ್ದು ನಡುವೆ ಜಗಳ ಬಂದು. ಹೈಡ್ರಾವನ್ನು ಕೊಲ್ಲುವಾಗ ಹರ್ಕ್ಯುಲಿಸ್ ಒಂದು ತಲೆ ಚಚ್ಚಿದರೆ ಎರಡು ಮೂಡುತ್ತಿತ್ತು. ಜೊತೆಗಿದ್ದ ತಮ್ಮನ ಮಗ ಐಯೊಲಾಸ್ ಕೊಳ್ಳಿ ತಂದು ಬುಡಗಳನ್ನು ಸುಟ್ಟ, ಆಗ ಮೂಡುವುದು ನಿಂತಿತು. ಯೂರಿಸ್ತಿಯಸ್ ಅಂದ: ಸಹಾಯ ತಗೊಂಡಿದ್ದೀಯ, ಇದು ಲೆಕ್ಕಕ್ಕಿಲ್ಲ. ಆಗಿಯಸ್ ಎಂಬ ಇನ್ನೊಬ್ಬ ರಾಜನ ಕೊಟ್ಟಿಗೆಯ ಸಗಣಿಯನ್ನು ಎರಡು ನದಿ ತಿರುಗಿಸಿ ಒಂದೇ ದಿನದಲ್ಲಿ ತೊಳೆದ. ಆದರೆ ಮೊದಲೇ ದನಗಳಲ್ಲಿ ಹತ್ತರಲ್ಲೊಂದು ಪಾಲು ಕೂಲಿ ಅಂತ ಮಾತಾಡಿಕೊಂಡಿದ್ದ. ಯೂರಿಸ್ತಿಯಸ್ ಅಂದ: ಕೂಲಿಗೆ ಮಾಡಿದ್ದು, ಇದೂ ಲೆಕ್ಕಕ್ಕಿಲ್ಲ. ಹಾಗೆ ಎರಡು ಕೆಲಸ ಮೇಲೆ ಬಿತ್ತು.

ಕತೆ ಮಕ್ಕಳಿಗೆ ಸಪ್ಪೆ ಆಗುವುದು "ಇನ್ನೂ ಎಂಟಿದೆ" ಅಂದಾಗ. "ಎಂಟೇ ಉಳಿದಿದೆ ಅಂದುಕೊಂಡಿದ್ದ, ಆದರೆ ರಾಜ ಒಂದನ್ನು ಹೊಡೆದುಹಾಕಿದ" ಅಂದರೆ ಅಲ್ಲೇ ಹೊಟ್ಟೆ ಉರಿಯುತ್ತದೆ.

ನೈಟ್‌ಶಿಫ್ಟ್

ಇದು ನನ್ನ ಅಪ್ರೈಸಲ್ ಕಥೆ ರೀ! ಹಿಂದೆ ಕೆಲಸ ಮಾಡುತ್ತಿದ್ದ ಕಡೆ ವರ್ಷಕ್ಕೆ ಹತ್ತು ಗುರಿ ಕೊಟ್ಟಿದ್ದರು. ಹತ್ತೂ ಮುಗಿಸಿದೆ. ಕೊನೆಗೆ ಮ್ಯಾನೇಜರ್ "ಇದಕ್ಕೆ ಜೂನಿಯರ್ ಸಹಾಯ ಮಾಡಿದ್ದಾನೆ, ನಿನ್ನ ಲೆಕ್ಕಕ್ಕೆ ಬರಲ್ಲ" ಅಂದರು. ಇನ್ನೊಂದಕ್ಕೆ "ಓಟಿ ತಗೊಂಡಿದ್ದೀಯಲ್ಲ" ಅಂದರು. ಮೂರು ಸಾವಿರ ವರ್ಷ ಹಿಂದೆಯೂ ಇದೇ ಗೋಳಾ? ಹರ್ಕ್ಯುಲಿಸ್ ತಿರುಗಿ ಬೀಳಲಿಲ್ವಾ?

ಹಳೆಕಡತ

ಬೀಳಲಿಲ್ಲ. ಅದೇ ಈ ಕಥೆಯಲ್ಲಿ ನನ್ನನ್ನು ಕಾಡುವ ಜಾಗ. ಹತ್ತು ಎಂದು ಹೇಳಿದ್ದು ಡೆಲ್ಫಿ. ರದ್ದು ಮಾಡಿದ್ದು ಯೂರಿಸ್ತಿಯಸ್. ಅವನಿಗೆ ಆ ಅಧಿಕಾರ ಯಾರು ಕೊಟ್ಟರು? ಹರ್ಕ್ಯುಲಿಸ್ ವಾಪಸ್ ಡೆಲ್ಫಿಗೆ ಹೋಗಿ ಕೇಳಬಹುದಿತ್ತು. ಕೇಳುವುದಿಲ್ಲ.

ಶಾಸ್ತ್ರಿಮನೆ

ಪ್ರಾಯಶ್ಚಿತ್ತದ ವಿಷಯ ಕೇಳಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ನಮ್ಮಲ್ಲೂ ದೊಡ್ಡ ಪಾಪಕ್ಕೆ 12 ವರ್ಷವೇ. ಬ್ರಹ್ಮಹತ್ಯೆ ಮಾಡಿದವನು ಕಾಡಿನಲ್ಲಿ ಗುಡಿಸಲು ಕಟ್ಟಿಕೊಂಡು, ತಲೆಬುರುಡೆಯ ಗುರುತು ಹಿಡಿದು, ಭಿಕ್ಷೆ ಬೇಡಿ 12 ವರ್ಷ ಇರಬೇಕು ಅಂತ ಮನುಸ್ಮೃತಿಯಲ್ಲೇ ಇದೆ. ಮಕ್ಕಳಿಗೆ ಪ್ರಾಯಶ್ಚಿತ್ತ ಅಂದರೇನು ಅಂತ ಮೊದಲು ತಿಳಿಸಿ. ಆಮೇಲೆ ಕಥೆ ತಾನಾಗಿ ಅರ್ಥ ಆಗುತ್ತದೆ.

ಶನಿವಾರದಕಥೆ

ಶಾಸ್ತ್ರಿಗಳೇ, ಎಂಟು ವರ್ಷದವರಿಗೆ ತಲೆಬುರುಡೆ ತೋರಿಸಿದರೆ ಮುಂದಿನ ಶನಿವಾರ ಅವರ ಅಮ್ಮಂದಿರು ಬರುತ್ತಾರೆ :)

ಹಳೆಕಡತ

ನಗಬೇಡಿ, ಶಾಸ್ತ್ರಿಮನೆಯವರು ಉತ್ತರಿಸಿದ ಪ್ರಶ್ನೆ ಬೇರೆ ಆದರೂ ಒಂದು ಒಳ್ಳೆಯ ವಿಷಯ ಎತ್ತಿದ್ದಾರೆ. ಅವರು ಹೇಳಿದ ಪ್ರಾಯಶ್ಚಿತ್ತ ಕಾಲದ ಲೆಕ್ಕ. ಹನ್ನೆರಡು ವರ್ಷ ಕಳೆದರೆ ಸಾಕು, ಆ ವರ್ಷಗಳಲ್ಲಿ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ವ್ಯತ್ಯಾಸ ಇಲ್ಲ. ಅದರಿಂದ ಕಥೆ ಹುಟ್ಟುವುದು ಕಷ್ಟ. ಕೆಲಸದ ಲೆಕ್ಕ ಇದ್ದರೆ ಕಥೆ ಹುಟ್ಟುತ್ತದೆ. ಡೆಲ್ಫಿಯ ಮಾತಿನಲ್ಲಿ ಎರಡೂ ಒಟ್ಟಿಗೆ ಸೇರಿವೆ, 12 ವರ್ಷ ಮತ್ತು 10 ಕೆಲಸ. ಅಪೊಲೊಡೋರಸನ ಪ್ರಕಾರ ಹತ್ತು ಕೆಲಸ ಮುಗಿಯಲು ಹಿಡಿದದ್ದು 8 ವರ್ಷ 1 ತಿಂಗಳು. ಅಂದರೆ ಕೆಲಸ ಬೇಗ ಮುಗಿದಿದೆ, ಕಾಲ ಇನ್ನೂ ಉಳಿದಿದೆ. ಆಗಲೇ ರಾಜ "ಇನ್ನೂ ಎರಡು" ಅನ್ನುವುದು.

ಚೌಕಿಮನೆ

ನಾನು ಕಥೆಯ ಪಂಡಿತ ಅಲ್ಲ ಮಾರಾಯ್ರೆ. ಮೇಳದ ಆಟ ನೋಡಿಕೊಂಡು ಬೆಳೆದವನು. ಆ ಕಣ್ಣಿಂದ ಹೇಳ್ತೇನೆ. ಹನ್ನೆರಡು ಯುದ್ಧ ಒಂದರ ಹಿಂದೆ ಒಂದು ಆಡಿಸಿದರೆ ಯಾವ ಪ್ರೇಕ್ಷಕನೂ ಕೂರುವುದಿಲ್ಲ. ನಡುವೆ ಹಾಸ್ಯಗಾರ ಬೇಕು. ಈ ಕಥೆಯಲ್ಲಿ ಹಾಸ್ಯ ಯಾರು ಮಾಡ್ತಾರೆ?

ಹಳೆಕಡತ

ರಾಜನೇ ಮಾಡುತ್ತಾನೆ! ಸತ್ತ ಸಿಂಹವನ್ನು ಹೊತ್ತು ತಂದದ್ದು ನೋಡಿ ಯೂರಿಸ್ತಿಯಸ್ ಎಷ್ಟು ಹೆದರಿದ ಅಂದರೆ, ಇನ್ನು ಮೇಲೆ ಊರೊಳಗೆ ಬರಬೇಡ, ತಂದದ್ದನ್ನು ಬಾಗಿಲ ಹೊರಗೇ ತೋರಿಸು ಅಂದ. ತಾನು ಅಡಗಿಕೊಳ್ಳಲು ನೆಲದಡಿ ಕಂಚಿನ ದೊಡ್ಡ ಹಂಡೆ ಮಾಡಿಸಿದ. ಅಪ್ಪಣೆ ಹೇಳಲು ಬೇರೆ ಆಳು ಇಟ್ಟ. ಆ ಆಳಿನ ಹೆಸರು ಕೋಪ್ರಿಯಸ್. ಗ್ರೀಕಿನಲ್ಲಿ ಕೋಪ್ರೋಸ್ ಅಂದರೆ ಸಗಣಿ. ಸಗಣಪ್ಪ ಅಂತ ಇಟ್ಟುಕೊಳ್ಳಿ. ಹಳೆಯ ಗ್ರೀಕ್ ಮಡಕೆಗಳ ಮೇಲೆ ಚಿತ್ರಕಾರರಿಗೆ ಬಹಳ ಇಷ್ಟವಾದ ದೃಶ್ಯ ಇದೇ. ಹರ್ಕ್ಯುಲಿಸ್ ಜೀವಂತ ಹಂದಿಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾನೆ, ಕೆಳಗೆ ಹಂಡೆಯ ಬಾಯಿಂದ ರಾಜನ ತಲೆ ಮತ್ತು ಎರಡು ಕೈ ಮಾತ್ರ ಕಾಣುತ್ತವೆ.

ನೀವು ಹಂದಿಯ ಹತ್ತಿರ ಕಥೆ ಕಳೆದುಕೊಂಡಿರಿ ಅಂದಿರಲ್ಲ ಮೇಡಂ. ಹಂದಿ ಹಿಡಿಯುವುದರಲ್ಲಿ ಹೇಳಲು ಜಾಸ್ತಿ ಏನಿಲ್ಲ. ಕೂಗಿ ಪೊದೆಯಿಂದ ಎಬ್ಬಿಸಿ, ಆಳದ ಹಿಮಕ್ಕೆ ಅಟ್ಟಿ, ದಣಿಸಿ, ಕುಣಿಕೆ ಹಾಕಿದ. ಎರಡು ವಾಕ್ಯ ಸಾಕು. ನಿಂತು ಹೇಳಬೇಕಾದ್ದು ಬಾಗಿಲಿಗೆ ತಂದ ಮೇಲೆ.

ಚೌಕಿಮನೆ

ಹಾಂ! ಹಾಗಾದರೆ ಪ್ರತೀ ಸಲ ಬಾಗಿಲಿಗೇ ವಾಪಸ್ ಬರಬೇಕು. ಅದು ನಮ್ಮ ಆಟದ ಒಡ್ಡೋಲಗದ ಹಾಗೆ. ಪ್ರೇಕ್ಷಕನಿಗೆ ಎಲ್ಲಿ ಇದ್ದೇನೆ ಅಂತ ಗೊತ್ತಾಗ್ತದೆ.

ರಾಶಿಚಕ್ರ

ಸರಿ, ರಾಶಿ ಬಿಡುತ್ತೇನೆ. ಆದರೆ ಸಾಲಿಗೆ ಅರ್ಥ ಇದೆ ಅಂತೀರಲ್ಲ, ಅದು ಏನು? ಸಿಂಹ ಮೊದಲು ಯಾಕೆ, ನಾಯಿ ಕೊನೆಗೆ ಯಾಕೆ? ಹಂದಿಯನ್ನು ಹತ್ತನೆಯದು ಮಾಡಿದರೆ ಏನಾಗುತ್ತಿತ್ತು?

ಹಳೆಕಡತ

ಒಂದು ಗ್ರೀಸಿನ ನಕ್ಷೆ ತಗೊಳ್ಳಿ. ಮೊದಲ ಆರು ಕೆಲಸ ನಡೆಯುವುದು ಪೆಲೊಪೊನೀಸ್ ಎಂಬ ದಕ್ಷಿಣದ ತುಂಡಿನೊಳಗೇ. ನೆಮಿಯಾ, ಲೆರ್ನಾ ಎರಡೂ ಟಿರಿನ್ಸಿಗೆ ಹತ್ತಿರದ ಊರುಗಳು. ಆಮೇಲಿನ ನಾಲ್ಕೂ ಅದೇ ನೆಲದಲ್ಲಿ, ಸ್ವಲ್ಪ ದೂರ. ಏಳನೆಯದರಿಂದ ನೆಲ ಬಿಡುತ್ತಾನೆ. ಗೂಳಿಗೆ ದಕ್ಷಿಣದ ಕ್ರೀಟ್ ದ್ವೀಪ. ಮನುಷ್ಯರನ್ನು ತಿನ್ನುವ ಕುದುರೆಗಳಿಗೆ ಉತ್ತರದ ಥ್ರೇಸ್. ಅಮೆಜಾನ್ ರಾಣಿಯ ಸೊಂಟಪಟ್ಟಿಗೆ ಪೂರ್ವದ ಕಪ್ಪು ಸಮುದ್ರದ ಕಡೆ. ಗೆರಿಯನನ ದನಗಳಿಗೆ ಪಶ್ಚಿಮದ ಕೊನೆ. ನಾಲ್ಕು ದಿಕ್ಕೂ ಮುಗಿದವು. ಇನ್ನು ಹೋಗಲು ಉಳಿದದ್ದು ಭೂಮಿಯ ಅಂಚು ಮತ್ತು ಭೂಮಿಯ ಕೆಳಗೆ. ದಂಡವಾಗಿ ಬಿದ್ದ ಎರಡು ಕೆಲಸ ಸರಿಯಾಗಿ ಅವೇ. ಆಕಾಶ ಹೊತ್ತ ಅಟ್ಲಾಸನ ಹತ್ತಿರದ ಚಿನ್ನದ ಸೇಬು, ಮತ್ತು ಪಾತಾಳದ ನಾಯಿ ಸೆರ್ಬೆರಸ್.

ಹಂದಿಯನ್ನು ಹತ್ತನೆಯ ಜಾಗಕ್ಕೆ ಹಾಕಿದರೆ ಪಶ್ಚಿಮದ ಕೊನೆ ಮುಟ್ಟಬೇಕಾದವನು ಮತ್ತೆ ಪಕ್ಕದ ಬೆಟ್ಟಕ್ಕೆ ಬಂದ ಹಾಗೆ.

ಇದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು. ಒಂದು ಕೆಲಸದಲ್ಲಿ ಸಿಕ್ಕಿದ್ದು ಮುಂದಿನದರಲ್ಲಿ ಉಳಿಯುತ್ತದೆ. ಸಿಂಹದ ಚರ್ಮಕ್ಕೆ ಯಾವ ಆಯುಧವೂ ನಾಟುವುದಿಲ್ಲ. ಬಾಣ ಬಿಟ್ಟು ನೋಡಿದ, ತಾಗಲಿಲ್ಲ. ಅದರ ಗುಹೆಗೆ ಎರಡು ಬಾಯಿ. ಒಂದನ್ನು ಮುಚ್ಚಿ, ಇನ್ನೊಂದರಿಂದ ಒಳಗೆ ಹೋಗಿ, ಕತ್ತು ಅವುಕಿ ಕೊಂದ. ಕೊನೆಯ ಕೆಲಸದಲ್ಲಿ ಪಾತಾಳದ ಒಡೆಯ ಒಂದೇ ಷರತ್ತು ಹಾಕುತ್ತಾನೆ: ಆಯುಧ ಇಲ್ಲದೆ ಹಿಡಿದರೆ ನಾಯಿ ನಿನ್ನದು. ಹರ್ಕ್ಯುಲಿಸ್ ಅದೇ ಸಿಂಹದ ಚರ್ಮ ಹೊದ್ದು, ನಾಯಿಯ ತಲೆಯನ್ನು ತೋಳಲ್ಲಿ ತಬ್ಬಿ ಅವುಕುತ್ತಾನೆ. ಬಾಲದಲ್ಲಿರುವ ಹಾವು ಕಚ್ಚಿದರೂ ಹಿಡಿತ ಬಿಡುವುದಿಲ್ಲ. ಮೊದಲನೆಯದೂ ಕೊನೆಯದೂ ಬರಿಗೈ. ಮೊದಲನೆಯದರ ಗಳಿಕೆ ಕೊನೆಯದರಲ್ಲಿ ಮೈ ಕಾಯುತ್ತದೆ.

ಹೈಡ್ರಾದ್ದು ಇದರ ತಿರುಗುಮುರುಗು. ಅದನ್ನು ಕೊಂದು ಅದರ ವಿಷದಲ್ಲಿ ಬಾಣಗಳನ್ನು ಅದ್ದಿಕೊಂಡ. ಆಗ ಅದು ಲಾಭ ಅನ್ನಿಸುತ್ತದೆ. ಹಂದಿಯ ದಾರಿಯಲ್ಲೇ ಕುದುರೆಮೈಯ ಸೆಂಟಾರ್‌ಗಳ ಜೊತೆ ಜಗಳವಾಗಿ, ಆ ಬಾಣ ತಪ್ಪಿ ಗುರುವಿನಂಥ ಕೈರನ್‌ಗೆ ತಾಗುತ್ತದೆ. ಗಾಯ ಮಾಯುವುದೇ ಇಲ್ಲ. ಹನ್ನೆರಡೂ ಮುಗಿದು ಎಷ್ಟೋ ಕಾಲದ ಮೇಲೆ ನೆಸಸ್ ಎಂಬ ಸೆಂಟಾರ್ ಅದೇ ಬಾಣದಿಂದ ಸಾಯುತ್ತಾನೆ. ಸಾಯುವಾಗ, ನನ್ನ ರಕ್ತ ಇಟ್ಟುಕೋ, ಗಂಡನ ಪ್ರೀತಿ ಉಳಿಯುತ್ತದೆ ಅಂತ ಹರ್ಕ್ಯುಲಿಸನ ಹೆಂಡತಿ ಡೆಯನೈರಾಗೆ ಸುಳ್ಳು ಹೇಳುತ್ತಾನೆ. ಅವಳು ಅದನ್ನು ಅಂಗಿಗೆ ಸವರಿ ಕೊಡುತ್ತಾಳೆ. ಹರ್ಕ್ಯುಲಿಸ್ ಸಾಯುವುದು ಆ ಅಂಗಿಯಿಂದ. ಅಂದರೆ ಎರಡನೆಯ ಕೆಲಸದಲ್ಲಿ ಕೊಂದ ಹಾವೇ ಅವನನ್ನು ಕೊಲ್ಲುತ್ತದೆ. ಲೆಕ್ಕಕ್ಕೆ ಬರಲ್ಲ ಅಂತ ರಾಜ ಹೊಡೆದುಹಾಕಿದ ಕೆಲಸವೂ ಅದೇ.

ನೈಟ್‌ಶಿಫ್ಟ್

ಅಬ್ಬಾ. ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಒಂದು ಸಣ್ಣ ಡೌಟು. ತಂದ ವಸ್ತುಗಳನ್ನೆಲ್ಲ ರಾಜ ಏನು ಮಾಡಿದ? ಹಂಡೆಯಲ್ಲಿ ಕೂತವನಿಗೆ ಗೂಳಿ ಯಾಕೆ?

ಹಳೆಕಡತ

ಹೆಚ್ಚಿನವು ಅವನಿಗೆ ಬೇಕೇ ಇರಲಿಲ್ಲ. ಗೂಳಿಯನ್ನು ಬಿಟ್ಟುಬಿಟ್ಟರು, ಅದು ಅಲೆದು ಮ್ಯಾರಥಾನ್ ಎಂಬ ಊರು ಸೇರಿ ಅಲ್ಲಿಯವರನ್ನು ಕಾಡಿತು. ಕುದುರೆಗಳನ್ನೂ ಬಿಟ್ಟರು, ಕಾಡುಪ್ರಾಣಿಗಳು ತಿಂದವು. ಸೇಬುಗಳನ್ನು ರಾಜ ಹರ್ಕ್ಯುಲಿಸನಿಗೇ ಕೊಟ್ಟ, ಅವನು ಅಥೀನಾ ದೇವಿಗೆ ಕೊಟ್ಟ, ಅವಳು ಮೊದಲಿದ್ದ ಜಾಗಕ್ಕೇ ವಾಪಸ್ ಇಟ್ಟಳು. ನಾಯಿಯನ್ನು ತೋರಿಸಿ ಪಾತಾಳಕ್ಕೆ ಮರಳಿಸಿದ. ಯಾರಾದರೂ ನಿಜವಾಗಿ ಕೇಳಿದ್ದು ಸೊಂಟಪಟ್ಟಿ ಒಂದನ್ನೇ, ಅದೂ ರಾಜನ ಮಗಳು. ನಮ್ಮ ಅಜ್ಜಿಕಥೆಯಲ್ಲಿ ಏಳು ಸಮುದ್ರದಾಚೆಯ ಹೂ ತರಲು ಕಳಿಸಿದರೆ ಆ ಹೂವಿಂದ ಯಾರದೋ ಕಣ್ಣು ಬರುತ್ತದೆ. ಇಲ್ಲಿ ಹಾಗಿಲ್ಲ. ಕಳಿಸುವವನಿಗೆ ಬೇಕಾದ್ದು ವಸ್ತು ಅಲ್ಲ, ಹೋದವನು ಬರದೇ ಇರುವುದು.

ಶಾಸ್ತ್ರಿಮನೆ

ಹಾಗಾದರೆ ಇದನ್ನು ಪ್ರಾಯಶ್ಚಿತ್ತ ಅನ್ನುವುದು ಹೇಗೆ? ಪ್ರಾಯಶ್ಚಿತ್ತ ಹೇಳುವವನು ಪಾಪಿ ಉದ್ಧಾರವಾಗಲಿ ಅಂತ ಹೇಳಬೇಕು. ಸಾಯಲಿ ಅಂತ ಅಲ್ಲ. ಮೇಲಾಗಿ ಮಕ್ಕಳನ್ನು ಕೊಂದವನಿಗೆ ಕೊನೆಗೆ ಸಾವಿಲ್ಲದ ಬಾಳು ಬಹುಮಾನ. ಇದು ಯಾವ ನ್ಯಾಯ?

ಹಳೆಕಡತ

ಗ್ರೀಕರಿಗೂ ಇದು ಕಿರಿಕಿರಿ ಮಾಡಿರಬೇಕು. ಹೋಮರನ ಇಲಿಯಡ್‌ನಲ್ಲಿ ಸೇವೆಗೆ ಕಾರಣ ಪಾಪ ಅಲ್ಲ, ಹೀರಾ ದೇವಿಯ ಮೋಸ. ಇವತ್ತು ಹುಟ್ಟುವ ನನ್ನ ವಂಶದವನು ರಾಜ ಅಂತ ಹರ್ಕ್ಯುಲಿಸನ ಅಪ್ಪ ಜೀಯಸ್ ಆಣೆ ಹಾಕಿದ. ಹೀರಾ ಹರ್ಕ್ಯುಲಿಸನ ಹುಟ್ಟನ್ನು ತಡೆದು, ಯೂರಿಸ್ತಿಯಸನನ್ನು ಏಳನೇ ತಿಂಗಳಿಗೇ ಹೊರಗೆ ತಂದಳು. ಅಲ್ಲಿಗೆ ಬಲಶಾಲಿ ಆಳಾದ, ಹೇಡಿ ಅರಸನಾದ. ಅಲ್ಲಿ ಮಕ್ಕಳ ಕೊಲೆ ಇಲ್ಲವೇ ಇಲ್ಲ.

ಯೂರಿಪಿಡೀಸ್ ಇನ್ನೂ ಮುಂದೆ ಹೋದ. ಅವನ ನಾಟಕದಲ್ಲಿ ಹರ್ಕ್ಯುಲಿಸ್ ಎಲ್ಲ ಕೆಲಸ ಮುಗಿಸಿ, ನಾಯಿಯನ್ನೂ ತಂದು, ಮನೆಗೆ ಬರುತ್ತಾನೆ. ಹೆಂಡತಿ ಮಕ್ಕಳನ್ನು ಶತ್ರುವಿನಿಂದ ಉಳಿಸುತ್ತಾನೆ. ಆಮೇಲೆ ಹುಚ್ಚು ಹಿಡಿಯುತ್ತದೆ, ಉಳಿಸಿದವರನ್ನೇ ಕೊಲ್ಲುತ್ತಾನೆ. ಅದಕ್ಕೆ ತೀರಿಸಲು ಇನ್ನು ಯಾವ ಕೆಲಸವೂ ಉಳಿದಿಲ್ಲ.

ಚೌಕಿಮನೆ

ಆಟಕ್ಕೆ ಅದು ಒಳ್ಳೆಯದು. ಮಕ್ಕಳಿಗೆ ಬೇಡ.

ಶಾಸ್ತ್ರಿಮನೆ

ಮಕ್ಕಳಿಗೆ ಮೊದಲಿನದೇ ಹೇಳಿ. ತಪ್ಪು ಮಾಡಿದ, ತೀರಿಸಿದ. ಇಲ್ಲದಿದ್ದರೆ ಯಾಕೆ ಇಷ್ಟು ಕಷ್ಟಪಟ್ಟ ಅಂತ ಅವರಿಗೆ ತಿಳಿಯುವುದಿಲ್ಲ.

ರಾಶಿಚಕ್ರ

ನಾನು ಇಲಿಯಡ್‌ನದು ಹೇಳುತ್ತೇನೆ ಅಂತೀನಿ. ಮೋಸದಿಂದ ರಾಜನಾದವನು ಅಂದರೆ ಹಂಡೆಯ ದೃಶ್ಯ ಇನ್ನೂ ಚೆನ್ನಾಗಿ ಹತ್ತುತ್ತದೆ.

ಇನ್ನೊಂದು. ಹಳೆಕಡತ ಅವರೇ, ನೀವು ತೋರಿಸಿದ ನಾಲ್ಕು ದಿಕ್ಕು, ಮೊದಲು ಕೊನೆ ಎಲ್ಲ ಒಬ್ಬ ಅಪೊಲೊಡೋರಸನ ಸಾಲಿನಲ್ಲಿ ತಾನೇ? ಬೇರೆಯವರ ಸಾಲು ಬೇರೆ ಆಗಿದ್ದರೆ ನಿಮ್ಮ ಕಟ್ಟಡವೂ ನನ್ನ ರಾಶಿಯ ಹಾಗೇ ಅಲ್ವಾ?

ಹಳೆಕಡತ

ಒಳ್ಳೆ ಏಟು. ಹೌದು, ಇತಿಹಾಸ ಬರೆದ ಡಿಯೊಡೋರಸ್ ನಾಯಿಯನ್ನು ಹನ್ನೊಂದನೆಯದು ಮಾಡಿ ಸೇಬನ್ನು ಕೊನೆಗೆ ಇಡುತ್ತಾನೆ. ಅಲ್ಲಿ ಬರಿಗೈಯ ಜೋಡಿ ಕೆಡುತ್ತದೆ. ಅದರ ಬದಲು ಸಾವಿಲ್ಲದ ಬಾಳಿನ ಗುರುತಾದ ಸೇಬು ಕೊನೆಗೆ ಬರುತ್ತದೆ. ಒಲಿಂಪಿಯಾದ ಕಲ್ಲುಗಳಲ್ಲಿ, ಪ್ರವಾಸಿ ಪೌಸಾನಿಯಸ್ ನೋಡಿ ಬರೆದ ಸಾಲು ಹಿಡಿದರೆ, ದೇವಸ್ಥಾನದ ಮುಂಭಾಗದ ಆರರಲ್ಲಿ ಕೊಟ್ಟಿಗೆ ತೊಳೆಯುವುದೂ ಸೇರಿದೆ. ಆ ದೇವಸ್ಥಾನ ಇರುವುದು ಆಗಿಯಸನ ನಾಡಾದ ಎಲಿಸ್‌ನಲ್ಲೇ. ಊರವರಿಗೆ ತಮ್ಮೂರಿನ ಕೆಲಸ ಮುಂದೆ ಕಾಣಬೇಕಲ್ಲ. ಹತ್ತಿರದಿಂದ ದೂರಕ್ಕೆ ಹೋಗುವುದು ಮಾತ್ರ ಡಿಯೊಡೋರಸನಲ್ಲೂ ಉಳಿದಿದೆ. ಅಷ್ಟನ್ನು ನಾನು ಬಿಟ್ಟುಕೊಡುವುದಿಲ್ಲ. ಉಳಿದದ್ದರಲ್ಲಿ ಹೇಳುವವನ ಕೈವಾಡ ಇದೆ, ಒಪ್ಪುತ್ತೇನೆ.

ಶನಿವಾರದಕಥೆ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಸಂಖ್ಯೆ ಹೇಳುವುದು ಬಿಟ್ಟೆ. ಬಾಗಿಲ ಹೊರಗೆ ಒಂದು ಖಾಲಿ ಡ್ರಮ್ ಇಟ್ಟು ಒಬ್ಬ ಹುಡುಗನನ್ನು ಯೂರಿಸ್ತಿಯಸ್ ಮಾಡಿದೆ. ಪ್ರತಿ ಕೆಲಸಕ್ಕೂ ಡ್ರಮ್ಮಿನೊಳಗಿಂದ ಕೂಗುತ್ತಿದ್ದ. ಜಿಂಕೆ, ಗೂಳಿ, ಕುದುರೆ ತಲಾ ಮೂರು ವಾಕ್ಯ. ಹೈಡ್ರಾ ರದ್ದಾದಾಗ ಇಡೀ ಗುಂಪು "ಮೋಸ, ಮೋಸ" ಅಂತ ಎದ್ದು ನಿಂತಿತು.

ಮಕ್ಕಳ ಕೊಲೆಯನ್ನು ಹೇಳಲಿಲ್ಲ. "ಹುಚ್ಚಿನಲ್ಲಿ ತಿದ್ದಲಾಗದ ತಪ್ಪು ಮಾಡಿದ" ಅಂದೆ. ಹನ್ನೆರಡು ವರ್ಷದ ಒಬ್ಬಳು ನನ್ನ ಮುಖವನ್ನೇ ನೋಡುತ್ತಿದ್ದಳು, ಏನೂ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು ಅನ್ನಿಸುತ್ತದೆ. ಮಾಡಿದ್ದು ಸರಿಯಾ ಅಂತ ಇನ್ನೂ ಯೋಚನೆ ಇದೆ.

ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅಟ್ಲಾಸ್. ಆಕಾಶ ಹೊತ್ತ ಹರ್ಕ್ಯುಲಿಸ್ "ಒಂದು ನಿಮಿಷ ಹಿಡ್ಕೋ, ತಲೆ ಮೇಲೆ ಮೆತ್ತೆ ಇಟ್ಕೋತೀನಿ" ಅಂತ ಅಟ್ಲಾಸನಿಗೇ ವಾಪಸ್ ಹೊರಿಸಿ ಓಡಿದ್ದು. ನಾನು ಮೆತ್ತೆ ಅನ್ನದೆ ಸಿಂಬೆ ಅಂದೆ. ಅರ್ಧ ಮಕ್ಕಳಿಗೆ ಸಿಂಬೆ ಅಂದರೆ ಗೊತ್ತಿಲ್ಲ. ಟವೆಲ್ ಸುತ್ತಿ ತಲೆ ಮೇಲೆ ಇಟ್ಟು ತೋರಿಸಬೇಕಾಯಿತು.

ನೈಟ್‌ಶಿಫ್ಟ್

ಮುಂದಿನ ಶನಿವಾರ ನನಗೆ ರಜೆ. ಡ್ರಮ್ಮಿನೊಳಗೆ ಕೂರಲು ಜಾಗ ಇದ್ದರೆ ಹೇಳಿ ಮೇಡಂ. ನಮ್ಮ ಮ್ಯಾನೇಜರ್ ದನಿ ನನಗೆ ಚೆನ್ನಾಗಿ ಬರುತ್ತದೆ.